ಕೋಪದ ಡ್ರಾಫ್ಟು, ಕಳಿಸಿದ ಪತ್ರ

ಜುಲೈ 27ರ ರಾತ್ರಿ ನಮ್ಮ ಮನೆ ಓನರ್‌ಗೆ ಒಂದು ಮೇಲ್ ಟೈಪ್ ಮಾಡಿದೆ. ಮೊದಲ ಸಾಲೇ ಹೀಗಿತ್ತು: "ಒಂದನೇ ತಾರೀಖು ಬಾಡಿಗೆ ಬಂದ್ರೆ ಸಾಕು, ಮನೇಲಿ ಇರೋರು ಏನಾದ್ರೂ ನಿಮಗೇನು? ಎಷ್ಟು ಸಲ ಹೇಳೋದು? ಮುಂದಿನ ತಿಂಗಳು ಬಾಡಿಗೆ ಕೊಡಲ್ಲ!"

ಬೆಡ್‌ರೂಮ್ ಗೋಡೆ ಒದ್ದೆಯಾಗಿ ಏಳು ವಾರ ಆಗಿತ್ತು. ಆವತ್ತು ಸ್ವಿಚ್‌ಬೋರ್ಡಿಂದ ಚಟಚಟ ಸದ್ದು ಬಂದು ಎಂಸಿಬಿ ಬಿದ್ದಿತ್ತು. "ಈಗ ಕಳಿಸ್ಬೇಡ, ಬೆಳಗ್ಗೆ ಓದಿ ಕಳಿಸು" ಅಂದಳು ಹೆಂಡತಿ.

ಬೆಳಗ್ಗೆ ಓದಿದರೆ, ಯಾವ ಗೋಡೆ, ಏನು ರಿಪೇರಿ ಅನ್ನೋದೇ ಅದರಲ್ಲಿ ಇರಲಿಲ್ಲ. ಆಫೀಸಿನಲ್ಲಿ "ಆ್ಯಪ್ ಸರಿಯಿಲ್ಲ" ಅಂತಷ್ಟೇ ಬರೆದ ಟಿಕೆಟ್ ಬಂದರೆ ನಾನೇ ವಾಪಸ್ ಕಳಿಸ್ತೀನಿ. "ಎಷ್ಟು ಸಲ" ಅನ್ನುವ ಕಡೆ ತಾರೀಖು ಹಾಕೋಣ ಅಂತ ಕಾಲ್ ಲಾಗ್, ವಾಟ್ಸ್‌ಆ್ಯಪ್ ತೆಗೆದು ಕೂತೆ. ಕೊನೆಗೆ ಕಳಿಸಿದ್ದು ಇದು:

"ಮಾನ್ಯರೇ,

ಬೆಡ್‌ರೂಮ್ ಗೋಡೆ ಒದ್ದೆಯಾಗುತ್ತಿರುವುದನ್ನು ಜೂನ್ 8ರಂದು ಫೋನಿನಲ್ಲಿ ತಿಳಿಸಿದ್ದೆ. ಜೂನ್ 21ರಂದು ಫೋಟೊ ಕಳಿಸಿದ್ದೆ. ಜುಲೈ 6ರಂದು ನೀವು ಕಳಿಸಿದ ಪ್ಲಂಬರ್, ಬಾತ್‌ರೂಮ್ ಗೋಡೆಯೊಳಗಿನ ಪೈಪಿನ ಜಾಯಿಂಟ್ ಸೋರುತ್ತಿದೆ, ಟೈಲ್ಸ್ ಒಡೆಯಬೇಕು ಎಂದರು. ಆಮೇಲೆ ಕೆಲಸ ನಡೆದಿಲ್ಲ. ಜುಲೈ 27ರ ರಾತ್ರಿ ಅದೇ ಗೋಡೆಯ ಸ್ವಿಚ್‌ಬೋರ್ಡ್‌ಗೆ ನೀರು ಇಳಿದು ಎಂಸಿಬಿ ಟ್ರಿಪ್ ಆಗಿದೆ.

ನಮ್ಮ ಕರಾರಿನಂತೆ ಪೈಪು, ಗೋಡೆಗಳ ರಿಪೇರಿ ಮಾಲೀಕರದು. ಆಗಸ್ಟ್ 4ರೊಳಗೆ ಜಾಯಿಂಟ್ ಸರಿಪಡಿಸಿ, ಎಲೆಕ್ಟ್ರಿಷಿಯನ್‌ನಿಂದ ಬೋರ್ಡ್ ಪರೀಕ್ಷೆ ಮಾಡಿಸಿಕೊಡಿ. ಆಗದಿದ್ದರೆ ನಾನೇ ರಿಪೇರಿ ಮಾಡಿಸಿ, ಬಿಲ್ ಕೊಟ್ಟು, ಆ ಖರ್ಚನ್ನು ಬಾಡಿಗೆಯಲ್ಲಿ ಕಳೆದುಕೊಳ್ಳುತ್ತೇನೆ. ಫೋಟೊಗಳು ಜೊತೆಗಿವೆ."

"ಬಾಡಿಗೆ ಕೊಡಲ್ಲ" ಅನ್ನೋದನ್ನು ಬೇಕಂತಲೇ ತೆಗೆದೆ. ಬಾಡಿಗೆ ನಿಲ್ಲಿಸಿದರೆ ಕರಾರು ಮುರಿದವನು ನಾನಾಗ್ತೀನಿ, ಡೆಪಾಸಿಟ್ ಅವರ ಕೈಲಿದೆ. ಖರ್ಚು ಕಳೆಯೋದು ಹಾಗಲ್ಲ. ಮಾಲೀಕರು ಮಾಡಲೇಬೇಕಾದ ರಿಪೇರಿಯನ್ನು, ನೋಟಿಸ್ ಕೊಟ್ಟು ತಕ್ಕಷ್ಟು ಸಮಯ ಕಳೆದರೂ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಕಳೆಯಬಹುದು ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್‌ನಲ್ಲಿದೆ. ಆದರೆ ಕರಾರಿನಲ್ಲಿ ಎಲ್ಲ ರಿಪೇರಿಯೂ ಬಾಡಿಗೆದಾರನದೇ ಅಂತ ಬರೆದಿದ್ದರೆ ಈ ಮಾತು ನಡೆಯಲ್ಲ. ಅದಕ್ಕೇ ಆ ಸಾಲು ಬರೆಯೋ ಮುಂಚೆ ಕರಾರು ತೆಗೆದು ಓದಿದ್ದೆ.

ಎರಡು ದಿನ ಬಿಟ್ಟು ಓನರ್ ಅಂಕಲ್ ಫೋನ್ ಮಾಡಿದರು. "ಸ್ವಿಚ್‌ಬೋರ್ಡ್ ತನಕ ಬಂದಿದೆ ಅಂತ ಗೊತ್ತಿರಲಿಲ್ಲಪ್ಪ" ಅಂದರು. ಆಗಸ್ಟ್ 3ಕ್ಕೆ ಟೈಲ್ಸ್ ಒಡೆದು ಜಾಯಿಂಟ್ ಬದಲಾಯಿಸಿದರು. ಗೋಡೆ ಇನ್ನೂ ಒಣಗ್ತಾ ಇದೆ. ಪೇಂಟಿಂಗ್‌ಗೆ ತಾರೀಖು ಕೇಳಿ ಇನ್ನೊಂದು ಮೇಲ್ ಹಾಕಿದ್ದೀನಿ, ನಾಲ್ಕೇ ಸಾಲು.