ದಣಿವನ್ನು ದಣಿವೆಂದೇ ಬರೆಯುವುದು

ರಾತ್ರಿ ಪಾಳಿಯ ದಾದಿಯರ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಮಾತುಗಳು ಮಾತ್ರ ಚಲಾವಣೆಯಲ್ಲಿವೆ. ಒಂದು ಪೂಜೆಯ ಮಾತು, ಇನ್ನೊಂದು ಅಳಲಿನ ಮಾತು. 2020ರ ಮಾರ್ಚ್ 22ರ ಸಂಜೆ ನಾವೆಲ್ಲ ಬಾಲ್ಕನಿಗಳಲ್ಲಿ ನಿಂತು ತಟ್ಟೆ ಬಡಿದೆವು. ಅದೇ ವರ್ಷ ಮೇ 3ರಂದು ವಾಯುಪಡೆಯ ಹೆಲಿಕಾಪ್ಟರುಗಳು ಆಸ್ಪತ್ರೆಗಳ ಮೇಲೆ ಹೂವಿನ ಎಸಳು ಸುರಿದವು. ಇದು ಪೂಜೆ. ಸಂಬಳ ಸಾಲದು, ರಜೆ ಸಿಗದು, ಯಾರಿಗೂ ಕೃತಜ್ಞತೆ ಇಲ್ಲ ಎನ್ನುವುದು ಅಳಲು. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ಬೆಳಗಿನ ಜಾವ ನಾಲ್ಕು ಗಂಟೆಗೆ ವಾರ್ಡಿನಲ್ಲಿ ನಿಂತಿರುವವಳಿಗೆ ನಿಜವಾಗಿ ಏನಾಗುತ್ತಿರುತ್ತದೆ ಎಂಬುದನ್ನು ಇವೆರಡೂ ಹೇಳುವುದಿಲ್ಲ.

ಈಗ ಇದನ್ನು ಹೇಳಲು ಹೊಸದೊಂದು ಪ್ರಕಾರ ಬಂದಿದೆ. ಇನ್‌ಸ್ಟಾಗ್ರಾಂನಲ್ಲಿ ಬೆರಳಿನಿಂದ ಒಂದೊಂದಾಗಿ ಸರಿಸುತ್ತ ನೋಡುವ ಚಿತ್ರಮಾಲೆಗೆ ಕ್ಯಾರೊಸೆಲ್ ಎನ್ನುತ್ತಾರೆ. ‘ನನ್ನ ಒಂದು ದಿನ’ ಎಂಬ ಹೆಸರಿನಲ್ಲಿ ಎಲ್ಲ ಉದ್ಯೋಗದವರೂ ಇಂಥವನ್ನು ಹಾಕುತ್ತಾರೆ. ದಾದಿಯರ ಮಾಲೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇಸ್ತ್ರಿ ಮಾಡಿದ ಸಮವಸ್ತ್ರ, ನೀಲಿ ಬೆಳಕಿನ ಉದ್ದನೆಯ ಪಡಸಾಲೆ, ಕೈಯಲ್ಲಿ ಕಾಫಿ ಲೋಟ, ಕೊನೆಗೆ ಸೂರ್ಯೋದಯ. ದಣಿವು ಅಲ್ಲಿಯೂ ಇರುತ್ತದೆ, ಆದರೆ ಒಡವೆಯ ಹಾಗೆ ಇರುತ್ತದೆ.

ನಮ್ಮ ನೆರುಳಿನ ಕಟ್ಟಡದಲ್ಲಿಯೇ ಇರುವ ಹಾಸನ ಕಡೆಯ ದಾದಿಯೊಬ್ಬರು ಕಳೆದ ವರ್ಷ ಹತ್ತು ಚಿತ್ರಗಳ ಒಂದು ಮಾಲೆ ಮಾಡಿದರು. ಮುಂಬಯಿಯ ಆಸ್ಪತ್ರೆಯೊಂದರ ವಾರ್ಡಿನಲ್ಲಿ ಅವರಿಗೆ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಪಾಳಿ. ಕನ್ನಡದ ಸಾಲುಗಳನ್ನು ಒಮ್ಮೆ ನೋಡಿಕೊಡಿ ಎಂದು ನನಗೆ ಕೊಟ್ಟಿದ್ದರಿಂದ ಅದರ ಬೆಳವಣಿಗೆಯನ್ನು ಹತ್ತಿರದಿಂದ ಕಂಡೆ. ಕಡತಗಳ ಟಿಪ್ಪಣಿ ಬರೆದೇ ಇಪ್ಪತ್ತು ವರ್ಷ ಕಳೆದಿರುವ ನನಗೆ ಅದು ಇಷ್ಟವಾದದ್ದು ಒಂದೇ ಕಾರಣಕ್ಕೆ: ಅದರಲ್ಲಿ ವಿಶೇಷಣಗಳಿರಲಿಲ್ಲ, ವೇಳೆಗಳಿದ್ದವು.

ಮೊದಲ ಚಿತ್ರದಲ್ಲಿ ಒಂದು ಜೊತೆ ಬಿಳಿ ಬೂಟು. ಅದರ ಮೇಲೆ: ‘ರಾತ್ರಿ 8. ಹಾಸಿಗೆ 28. ನಾವು ಇಬ್ಬರು. ನಾನು ಎದ್ದದ್ದು ಬೆಳಿಗ್ಗೆ 7ಕ್ಕೆ.’ ಈ ಕೊನೆಯ ವಾಕ್ಯವೇ ಇಡೀ ಮಾಲೆಯ ಕೀಲಿ. ಪಾಳಿ ಹನ್ನೆರಡು ಗಂಟೆಯದು ಎಂದಷ್ಟೇ ನೋಡುವವರಿಗೆ ಗೊತ್ತಿರುತ್ತದೆ. ಆದರೆ ದಣಿವು ಹಾಜರಿ ಪುಸ್ತಕವನ್ನು ನೋಡಿ ಶುರುವಾಗುವುದಿಲ್ಲ, ಎದ್ದ ಗಳಿಗೆಯಿಂದ ಶುರುವಾಗುತ್ತದೆ. ಮೊದಲ ರಾತ್ರಿಯ ಪಾಳಿಗೆ ಮುನ್ನ ಮಗನನ್ನು ಶಾಲೆಗೆ ಕಳಿಸಲು ಏಳಕ್ಕೆ ಎದ್ದವರು, ಮಧ್ಯಾಹ್ನ ಮಲಗಿದರೂ ನಿದ್ದೆ ಬಾರದವರು, ನಡುರಾತ್ರಿಗೆ ಹದಿನೇಳು ಗಂಟೆ ಎಚ್ಚರವಾಗಿರುತ್ತಾರೆ. ನಾಲ್ಕಕ್ಕೆ ಇಪ್ಪತ್ತೊಂದು ಗಂಟೆ.

ಈ ಹದಿನೇಳು ಗಂಟೆಗೆ ಒಂದು ಅಳತೆಯಿದೆ. 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು ಒಂದು ಪುಟ್ಟ ಬರಹ ಪ್ರಕಟಿಸಿದರು. ಒಂದೇ ಬಗೆಯ ಕೈ-ಕಣ್ಣಿನ ಪರೀಕ್ಷೆಯನ್ನು ಒಮ್ಮೆ ನಿದ್ದೆಗೆಟ್ಟವರಿಂದ, ಇನ್ನೊಮ್ಮೆ ಮದ್ಯ ಕುಡಿದವರಿಂದ ಮಾಡಿಸಿ ಹೋಲಿಸಿದ ಪ್ರಯೋಗ ಅದು. ಹದಿನೇಳು ಗಂಟೆ ಎಚ್ಚರವಿದ್ದವರ ಸಾಮರ್ಥ್ಯ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯಸಾರವಿರುವವರ ಮಟ್ಟಕ್ಕೆ ಇಳಿದಿತ್ತು. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಇರುವ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇಕಡಾ 0.03. ಪ್ರಯೋಗಶಾಲೆಯ ಪರೀಕ್ಷೆಯೂ ವಾರ್ಡಿನ ಕೆಲಸವೂ ಒಂದೇ ಅಲ್ಲ, ನಿಜ. ಆದರೂ ನಡುರಾತ್ರಿಯಲ್ಲಿ ನಾವು ಯಾರ ಕೈಗೆ ಸಿರಿಂಜು ಕೊಟ್ಟಿದ್ದೇವೆ, ಆ ಕೈಯಿಂದ ಏನನ್ನು ನಿರೀಕ್ಷಿಸುತ್ತಿದ್ದೇವೆ ಎಂದು ಯೋಚಿಸಲು ಇಷ್ಟು ಸಾಕು.

ಎರಡನೆಯ ಚಿತ್ರ ಪಾಳಿ ಒಪ್ಪಿಸಿಕೊಳ್ಳುವುದರದು: ಹಾಸಿಗೆಯಿಂದ ಹಾಸಿಗೆಗೆ ನಡೆಯುತ್ತ ನಲವತ್ತು ನಿಮಿಷ. ಮೂರನೆಯದು ಹತ್ತು ಗಂಟೆಯ ಔಷಧಿಗಳದು. ನಾಲ್ಕನೆಯದರಲ್ಲಿ ಒಂದು ಡಬ್ಬಿ, ಅದರಲ್ಲಿ ಎರಡು ಚಪಾತಿ: ‘12.40. ಸರದಿಯಲ್ಲಿ ಊಟ. ಒಬ್ಬರು ತಿನ್ನುವಾಗ ಇನ್ನೊಬ್ಬರಿಗೆ 28.’ ಐದನೆಯದು: ‘2 ಗಂಟೆ. ತಾವಾಗಿ ಹೊರಳಲಾರದ ಮೂವರನ್ನು ಮಗ್ಗುಲು ಬದಲಿಸಿದೆವು. 4ಕ್ಕೆ ಮತ್ತೆ.’ ಹಾಸಿಗೆ ಹುಣ್ಣಾಗದಿರಲೆಂದು ಎರಡು ಗಂಟೆಗೊಮ್ಮೆ ಹೀಗೆ ಹೊರಳಿಸಬೇಕು ಎಂಬುದು ಆ ಎರಡು ವೇಳೆಗಳಿಂದಲೇ ಓದುಗನಿಗೆ ತಿಳಿಯುತ್ತದೆ. ಬೆನ್ನು ನೋವಿನ ಮಾತು ಅಲ್ಲಿಲ್ಲ. ಇರಬೇಕಾಗಿಯೂ ಇಲ್ಲ.

ಆರನೆಯ ಚಿತ್ರ ನಾಲ್ಕು ಗಂಟೆಯದು. ಮೊದಲ ಕರಡಿನಲ್ಲಿ ಅವರು ‘ಕಣ್ಣು ಎಳೆಯುತ್ತಿದೆ, ಆದರೂ ಮುಖದಲ್ಲಿ ನಗು’ ಎಂದು ಬರೆದಿದ್ದರು. ಅದನ್ನು ಅವರೇ ಹೊಡೆದುಹಾಕಿ, ‘4.10. ತಾಪಮಾನದ ಪಟ್ಟಿ ಓದಿದೆ. ಓದಿದ್ದು ಒಳಗೆ ಇಳಿಯಲಿಲ್ಲ. ಮತ್ತೆ ಓದಿದೆ’ ಎಂದು ಬರೆದರು. ಈ ಬದಲಾವಣೆಯನ್ನು ಗಮನಿಸಬೇಕು. ಬೆಳಗಿನ ಜಾವ ಮನುಷ್ಯನ ದೇಹದ ಉಷ್ಣತೆ ದಿನದಲ್ಲೇ ಅತಿ ಕೆಳಗೆ ಇಳಿದಿರುತ್ತದೆ, ಎಚ್ಚರವೂ ಅದರೊಡನೆ ಇಳಿಯುತ್ತದೆ. ಆಕಳಿಕೆ ಇದರ ಹೊರಗುರುತು ಅಷ್ಟೆ. ನಿಜವಾದ ಗುರುತೆಂದರೆ ಕಣ್ಣು ಅಂಕಿಯ ಮೇಲೆ ಹರಿದರೂ ಅಂಕಿ ಮನಸ್ಸಿಗೆ ತಲುಪದಿರುವುದು. ಹೊರಗಿನವರಿಗೆ ಅದು ಕಾಣುವುದಿಲ್ಲ, ಅನುಭವಿಸುವವರೇ ಹೇಳಬೇಕು. ನಗುಮುಖದ ಸಾಲು ಇದನ್ನು ಮುಚ್ಚಿಡುತ್ತಿತ್ತು.

ಅದರಿಂದ ಏನಾದೀತು ಎಂಬುದು ಏಳನೆಯ ಚಿತ್ರದಲ್ಲಿದೆ. ಕೆಂಪು ಮುಚ್ಚಳದ ಒಂದು ಇನ್ಸುಲಿನ್ ಸಿರಿಂಜು: ‘6.50. 14 ಯೂನಿಟ್. ಸೀಸೆಯ ಮೇಲಿನ 40 ನಾನು ಓದಿದೆ. ಅವಳೂ ಓದಿದಳು.’ ವಿವರಣೆ ಇಷ್ಟೇ. ನಮ್ಮಲ್ಲಿ ಇನ್ಸುಲಿನ್ ಎರಡು ಸಾಂದ್ರತೆಗಳಲ್ಲಿ ದೊರೆಯುತ್ತದೆ: ಮಿಲಿಲೀಟರಿಗೆ 40 ಯೂನಿಟ್ಟಿನದು ಒಂದು, 100 ಯೂನಿಟ್ಟಿನದು ಇನ್ನೊಂದು. 40ಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ಕ್ಕೆ ಕಿತ್ತಳೆ ಮುಚ್ಚಳದ್ದು. ಕೆಂಪು ಸಿರಿಂಜಿನಲ್ಲಿ 14ರ ಗೆರೆಯವರೆಗೆ ಎಳೆದರೆ ಒಳಗೆ ಬರುವುದು 0.35 ಮಿಲಿಲೀಟರ್. ಸೀಸೆ 40ರದಾಗಿದ್ದರೆ ಅದು ಸರಿಯಾಗಿ 14 ಯೂನಿಟ್. ಸೀಸೆ 100ರದಾಗಿದ್ದರೆ ಅಷ್ಟೇ ದ್ರವದಲ್ಲಿ 35 ಯೂನಿಟ್ ಇರುತ್ತದೆ, ಎರಡೂವರೆ ಪಟ್ಟು. ಸಿರಿಂಜಿನ ಗೆರೆ ಮಾತ್ರ 14 ಎಂದೇ ತೋರಿಸುತ್ತಿರುತ್ತದೆ. ರೋಗಿಯ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿದು ಬೆವರು, ನಡುಕ, ಮಂಕು ಕಾಣಿಸಿಕೊಂಡಾಗಷ್ಟೇ ತಪ್ಪು ಗೊತ್ತಾಗುವುದು. ಅಷ್ಟರಲ್ಲಿ ಪಾಳಿ ಬದಲಾಗಿರಲೂಬಹುದು. ಇಬ್ಬರು ಓದುವ ಪದ್ಧತಿ ಇರುವುದು ದಾದಿಗೆ ತಿಳಿವಳಿಕೆ ಕಡಿಮೆಯೆಂದಲ್ಲ. ದಣಿದ ಒಬ್ಬರ ಕಣ್ಣನ್ನು ನಂಬಬಾರದೆಂದು ಮೊದಲೇ ಒಪ್ಪಿಕೊಂಡಿರುವುದರಿಂದ.

ನನ್ನ ವಾದ ಇಲ್ಲಿದೆ. ದಣಿವನ್ನು ವೀರಗುಣವಾಗಿ ತೋರಿಸುವ ಚಿತ್ರ ಕೇವಲ ಸುಳ್ಳಲ್ಲ, ಅಪಾಯಕಾರಿ. ನಿದ್ದೆ ಬಿಟ್ಟವಳು ದೊಡ್ಡವಳು ಎಂದಾದರೆ, ‘ನನಗೆ ಓದಿದ್ದು ಇಳಿಯುತ್ತಿಲ್ಲ, ನೀನೊಮ್ಮೆ ನೋಡು’ ಎಂದು ಪಕ್ಕದವಳನ್ನು ಕರೆಯುವುದು ಸಣ್ಣತನವಾಗಿಬಿಡುತ್ತದೆ. ಆ ಕರೆ ನಿಂತರೆ 14 ಯಾವತ್ತೋ ಒಂದು ದಿನ 35 ಆಗುತ್ತದೆ.

ದೂರು ಏಕೆ ಬೇಡ ಎಂದು ಕೆಲವರು ಕೇಳಬಹುದು. ‘ಗೊಣಗದೆ ದುಡಿ’ ಎಂಬುದು ಆಳುವವರ ಉಪದೇಶವಲ್ಲವೇ? ಆಕ್ಷೇಪ ಸರಿಯಾದದ್ದೇ. ಇಪ್ಪತ್ತೆಂಟು ಹಾಸಿಗೆಗೆ ಇಬ್ಬರು ಸಾಲದು ಎನ್ನುವುದಿದ್ದರೆ ಅದನ್ನು ಹೇಳಲೇಬೇಕು. ಆದರೆ ದೂರಿಗೆ ಒಂದು ವಿಳಾಸ ಬೇಕು. ದಿನಾಂಕ, ಹಾಸಿಗೆಗಳ ಲೆಕ್ಕ, ಕೇಳಿಕೆ ಇವುಗಳೊಡನೆ ಅದು ಮೇಟ್ರನ್ ಅವರ ಮೇಜಿಗೋ ಸಂಘದ ಕಚೇರಿಗೋ ಹೋಗಬೇಕು. ಅಲ್ಲಿ ಅದಕ್ಕೆ ಉತ್ತರ ಕೊಡಬೇಕಾದವರಿರುತ್ತಾರೆ. ಚಿತ್ರಮಾಲೆಯನ್ನು ನೋಡುವ ಅಪರಿಚಿತರು ಉತ್ತರ ಕೊಡಲಾರರು; ‘ಅಯ್ಯೋ ಪಾಪ’ ಎಂದು ಮುಂದಿನದಕ್ಕೆ ಬೆರಳು ಸರಿಸುತ್ತಾರೆ. ಅದೇ ಅಪರಿಚಿತರು ‘ಹಾಸಿಗೆ 28, ನಾವು ಇಬ್ಬರು’ ಎಂಬುದನ್ನು ಓದಿದರೆ ತಮ್ಮ ತೀರ್ಮಾನಕ್ಕೆ ತಾವೇ ಬರುತ್ತಾರೆ. ದೂರನ್ನು ಬಿಟ್ಟ ಮಾತ್ರಕ್ಕೆ ಸಂಗತಿಯನ್ನು ಬಿಡಬೇಕಾಗಿಲ್ಲ.

ಭಾಷೆಯ ತೊಡಕೊಂದನ್ನು ಹೊರನಾಡ ಕನ್ನಡಿಗರಾದ ನಾವು ಮಾತ್ರ ಬಲ್ಲೆವು. ಅವರು ಮೊದಲು ‘ಸುಸ್ತು’ ಎಂದು ಬರೆದಿದ್ದರು. ಕನ್ನಡದಲ್ಲಿ ಅದು ಬಳಲಿಕೆ. ಆದರೆ ಅವರ ಸಹೋದ್ಯೋಗಿಗಳ ಮರಾಠಿಯಲ್ಲಿ, ಹಿಂದಿಯಲ್ಲಿ ‘ಸುಸ್ತ್’ ಎಂದರೆ ಜಡ, ಸೋಮಾರಿ. ‘ನಾನು ಸುಸ್ತು ಅಂದ್ರೆ ಇವಳು ಮೈಗಳ್ಳಿ ಅಂತ ತಿಳ್ಕೋತಾರೆ ಸಾರ್’ ಎಂದು ಅವರೇ ನಕ್ಕರು. ಕೊನೆಗೆ ಉಳಿದದ್ದು ‘ನಿದ್ದೆಗೆಟ್ಟು’ ಎಂಬ ಮಾತು. ಕನ್ನಡದ ಈ ಪದ ಎಷ್ಟು ನಿಖರ ನೋಡಿ. ಅದರಲ್ಲಿ ಹೊಗಳಿಕೆಯಿಲ್ಲ, ಗೋಳಿಲ್ಲ. ಕೆಟ್ಟದ್ದು ನಿದ್ದೆ ಎಂದು ಮಾತ್ರ ಹೇಳುತ್ತದೆ.

ತೆಗೆಯಬೇಕಾದ ಚಿತ್ರಗಳನ್ನೂ ಅವರು ತೆಗೆದರು. ರಾತ್ರಿಯ ವಾರ್ಡಿನ ಒಂದು ಚಿತ್ರ ಬಹಳ ಚೆನ್ನಾಗಿತ್ತು, ಆದರೆ ಹಿನ್ನೆಲೆಯಲ್ಲಿ ಹಾಸಿಗೆಯ ಸಂಖ್ಯೆಯೂ ಒಂದು ಕೇಸ್ ಪೇಪರಿನ ಮೂಲೆಯೂ ಕಾಣುತ್ತಿದ್ದವು. ಮಲಗಿದ ರೋಗಿಯಿಂದ ಒಪ್ಪಿಗೆ ಕೇಳಿರಲಿಲ್ಲ. ದಾದಿಯ ದಣಿವು ದಾದಿಯದು. ರೋಗಿಯ ರಾತ್ರಿ ರೋಗಿಯದು. ಆದ್ದರಿಂದಲೇ ಮಾಲೆಯ ತುಂಬ ಬೂಟು, ಡಬ್ಬಿ, ಗಡಿಯಾರ, ಸಿರಿಂಜುಗಳಷ್ಟೇ ಇವೆ.

ಎಂಟನೆಯ ಚಿತ್ರ ಪಾಳಿ ಒಪ್ಪಿಸುವುದು: ಎಂಟಕ್ಕೆ ಮುಗಿಯಬೇಕಾದದ್ದು, ಬರೆಯುವ ಕೆಲಸ ಮುಗಿದು ಸಹಿ ಬಿದ್ದದ್ದು 8.40ಕ್ಕೆ. ಒಂಬತ್ತನೆಯದು ಹಾರ್ಬರ್ ಲೈನಿನ ಲೋಕಲ್ ರೈಲು. ಊರೆಲ್ಲ ಮುಂಬಯಿಯತ್ತ ಹೋಗುವ ಹೊತ್ತಿನಲ್ಲಿ ಎದುರು ದಿಕ್ಕಿನ ರೈಲಿನಲ್ಲಿ ಕೂರಲು ಜಾಗ ಸಿಗುತ್ತದೆ, ಅದೇ ತೊಂದರೆ: ‘ಇಳಿಯಬೇಕಾದದ್ದು ನೆರುಳ್. ಎಚ್ಚರವಾದದ್ದು ಪನ್ವೇಲ್.’ ಪನ್ವೇಲ್ ಆ ದಾರಿಯ ಕೊನೆಯ ನಿಲ್ದಾಣ. ಓದಿದವರಿಗೆ ನಗು ಬರುತ್ತದೆ. ಮರುಕ್ಷಣ, ಇದೇ ಸ್ಥಿತಿಯಲ್ಲಿ ಸ್ಕೂಟರ್ ಓಡಿಸಿಕೊಂಡು ಮನೆಗೆ ಹೋಗುವ ದಾದಿಯರ ನೆನಪಾಗುತ್ತದೆ. ಅವರಿಗೆ ಕೊನೆಯ ನಿಲ್ದಾಣದಲ್ಲಿ ಎಬ್ಬಿಸುವವರಿಲ್ಲ.

ಹತ್ತನೆಯ ಚಿತ್ರದಲ್ಲಿ ಕಿಟಕಿಗೆ ಅಡ್ಡ ಕಟ್ಟಿದ ಕಪ್ಪು ದುಪಟ್ಟಾ. ‘11ಕ್ಕೆ ಮಲಗಿದೆ. ಕುಕ್ಕರ್, ಕೊರಿಯರ್, ಪಕ್ಕದ ಮನೆಯ ಡ್ರಿಲ್. 3.30ಕ್ಕೆ ಎದ್ದೆ. ರಾತ್ರಿ 8ಕ್ಕೆ ಮತ್ತೆ.’ ನಾಲ್ಕೂವರೆ ಗಂಟೆ, ಅದೂ ತುಂಡು ತುಂಡಾಗಿ. ಅದರ ಕೆಳಗೆ ಸಂದೇಶವಿಲ್ಲ, ಸೂರ್ಯೋದಯವಿಲ್ಲ, ‘ಇದೇ ನನ್ನ ಧರ್ಮ’ ಎಂಬ ಸಾಲೂ ಇಲ್ಲ. ಅಂಥದ್ದೊಂದು ಸಾಲು ಸೇರಿಸಿದ್ದರೆ ನೋಡುವವರಿಗೆ ಸಮಾಧಾನವಾಗುತ್ತಿತ್ತು. ಹಗಲು ಹನ್ನೊಂದರಿಂದ ಮೂರೂವರೆಯವರೆಗೆ ಆ ಮನೆಯ ಗಂಟೆ ಒತ್ತದಿರಲು ನಮ್ಮ ಕಟ್ಟಡದವರು ಈಗ ಕಲಿತಿದ್ದೇವೆ. ಅದನ್ನು ಕಲಿಸಿದ್ದು ಆ ಎರಡು ವೇಳೆಗಳು.