ಸರ್ವನಾಮಕ್ಕೆ ನಡುಮನೆಯೇ ಸ್ಥಾನ

ತಂದೆಯನ್ನು ಎಳವೆಯಲ್ಲಿಯೇ ಕಳೆದುಕೊಂಡ ತರುಣನೊಬ್ಬನು ಊರಿನ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರ ನೆರವಿನಿಂದ ಕಾಲೇಜಿನ ಮೂರು ವರ್ಷಗಳನ್ನು ಮುಗಿಸಿದನು. ಫೀಸು ಕಟ್ಟಿದವರು ಅವರು. ಪುಸ್ತಕ ಕೊಡಿಸಿದವರೂ ಅವರೇ. ಕೆಲಸ ಸಿಕ್ಕಿ ಮೊದಲ ಸಂಬಳ ಕೈಗೆ ಬಂದ ದಿನ ಅವರಿಗೊಂದು ಕಾಗದ ಬರೆಯಬೇಕೆಂದು ಅವನಿಗೆ ಮನಸ್ಸಾಯಿತು. ತನಗೆ ಇಂಗ್ಲಿಷ್ ಕಲಿಸಿದವರೇ ಅವರಾದ್ದರಿಂದ ಇಂಗ್ಲಿಷಿನಲ್ಲಿಯೇ ಬರೆದನು. ಬರೆದುದನ್ನು ಅಂಚೆಗೆ ಹಾಕುವ ಮುನ್ನ ಸೋದರಮಾವನ ಮುಂದಿಟ್ಟು, “ಮಾವ, ಪ್ಲೀಸ್ ಲುಕ್ ಓವರ್ ಇಟ್” ಎಂದನು.

ಮಾವನು ನಿವೃತ್ತ ಉಪಾಧ್ಯಾಯರು. ಅವರು ಕನ್ನಡಕವನ್ನು ಏರಿಸಿಕೊಂಡು, ಕಾಗದವನ್ನು ಎತ್ತಿ ಹಿಡಿದು, ಅದರ ಮೇಲಂಚಿನಾಚೆಗೆ ಕಿಟಕಿಯತ್ತ ನೋಡಿದರು.

“ಏನು ಮಾವ, ಕಾಗದ ಬಿಟ್ಟು ಎಲ್ಲಿ ನೋಡುತ್ತಿದ್ದೀರಿ?”

“ನೀನು ಹೇಳಿದ ಹಾಗೆಯೇ ಮಾಡಿದೆನಪ್ಪ. ‘ಲುಕ್ ಓವರ್ ಇಟ್’ ಎಂದರೆ ಅದರ ಮೇಲಿನಿಂದ ಆಚೆಗೆ ನೋಡು ಎಂದಾಯಿತು. ಓದಿ ನೋಡು ಎನ್ನಬೇಕಾದರೆ ‘ಲುಕ್ ಇಟ್ ಓವರ್’ ಎನ್ನಬೇಕು” ಎಂದು ನಕ್ಕರು. ಆದರೆ ಕಾಗದದ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಅವರ ನಗು ನಿಂತಿತು. ಅಲ್ಲಿ, ‘ಯೂ ಸಾ ಥ್ರೂ ಮಿ’ ಎಂದು ಬರೆದಿತ್ತು. ‘ನನ್ನನ್ನು ಕೈಬಿಡದೆ ದಡ ಮುಟ್ಟಿಸಿದಿರಿ’ ಎಂಬುದು ತರುಣನ ಮನಸ್ಸಿನಲ್ಲಿದ್ದ ಮಾತು. ‘ನನ್ನ ಕಪಟವನ್ನು ತಾವು ಕಂಡುಹಿಡಿದಿರಿ’ ಎಂಬುದು ಕಾಗದದ ಮೇಲೆ ಮೂಡಿದ ಮಾತು!

ಈ ತಪ್ಪು ಎಲ್ಲಿಂದ ಬಂತು? ‘ಪಿಕ್ ಅಪ್’, ‘ಪುಟ್ ಆನ್’, ‘ಟರ್ನ್ ಡೌನ್’ ಮೊದಲಾದ ಕ್ರಿಯಾಪದಗಳಲ್ಲಿ ಎರಡು ತುಂಡುಗಳಿರುತ್ತವೆ. ಮೊದಲನೆಯದು ಕ್ರಿಯೆ, ಎರಡನೆಯದು ಪುಟ್ಟದೊಂದು ಅವ್ಯಯ. ಇವನ್ನು ‘ಫ್ರೇಸಲ್ ವರ್ಬ್’ ಎಂದು ಕರೆಯುವ ರೂಢಿಗೆ ಹೆಚ್ಚಿನ ಪ್ರಚಾರ ದೊರೆತದ್ದು 1925ರಲ್ಲಿ ಲೋಗನ್ ಪಿಯರ್ಸಾಲ್ ಸ್ಮಿತ್ ಬರೆದ ನುಡಿಗಟ್ಟುಗಳ ಗ್ರಂಥದಿಂದ. ಹೆಸರನ್ನು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರ್ಯಾಡ್ಲಿ. ಈ ಜೋಡಿಯ ವಿಚಿತ್ರವೆಂದರೆ ಅದು ಬಿಡಿಸಿಕೊಳ್ಳಬಲ್ಲದು. ‘ಪಿಕ್ ಅಪ್ ದ ಬುಕ್’ ಎನ್ನಬಹುದು. ‘ಪಿಕ್ ದ ಬುಕ್ ಅಪ್’ ಎಂದೂ ಎನ್ನಬಹುದು. ಎರಡೂ ಸಾಧು. ಆದರೆ ಪುಸ್ತಕವೆಂಬ ನಾಮಪದವನ್ನು ತೆಗೆದು ‘ಇಟ್’ ಎಂಬ ಸರ್ವನಾಮವನ್ನಿಟ್ಟೊಡನೆ ಈ ಸ್ವಾತಂತ್ರ್ಯ ಹೋಗುತ್ತದೆ. ‘ಪಿಕ್ ಇಟ್ ಅಪ್’ ಎಂಬುದೊಂದೇ ಉಳಿಯುತ್ತದೆ. ‘ಪಿಕ್ ಅಪ್ ಇಟ್’ ಎಂಬುದು ಇಂಗ್ಲಿಷರ ಕಿವಿಗೆ ಒಗ್ಗದು.

ಕನ್ನಡಿಗರಿಗೆ ಇದು ಕಷ್ಟವಾಗುವುದಕ್ಕೆ ಕಾರಣವುಂಟು. ನಮ್ಮ ಜೋಡಿ ಕ್ರಿಯಾಪದಗಳು ಕರ್ಮಪದವನ್ನು ತಮ್ಮ ನಡುವೆ ಬಿಟ್ಟುಕೊಳ್ಳುವುದಿಲ್ಲ. ‘ಅದನ್ನು ಎತ್ತಿಕೊ’ ಎನ್ನುತ್ತೇವೆಯೇ ಹೊರತು ‘ಎತ್ತಿ ಅದನ್ನು ಕೊ’ ಎನ್ನುವುದಿಲ್ಲ. ‘ನನ್ನನ್ನು ಕೈಬಿಡಲಿಲ್ಲ’ ಎಂಬುದನ್ನು ಒಡೆದು ‘ಕೈ ನನ್ನನ್ನು ಬಿಡಲಿಲ್ಲ’ ಎಂದರೆ ಅರ್ಥವೇ ಬೇರೆಯಾಗುತ್ತದೆ. ಹೀಗೆ ಕ್ರಿಯೆಯ ಎರಡು ತುಂಡುಗಳನ್ನು ಒಂದಾಗಿ ಕಾಣುವ ನಮ್ಮ ಅಭ್ಯಾಸವು ‘ಪಿಕ್ ಅಪ್’ ಎಂಬುದನ್ನೂ ಒಂದೇ ಪದವೆಂದು ಭಾವಿಸಿ, ‘ಇಟ್’ ಅನ್ನು ಹೊರಗೆ ನಿಲ್ಲಿಸುತ್ತದೆ. ಆದರೂ ನಮ್ಮಲ್ಲಿ ಒಂದು ಕಿಂಡಿಯಿದೆ. ‘ಬಿದ್ದೇ ಬಿಟ್ಟ’ ಎನ್ನುವಾಗ ‘ಏ’ ಎಂಬ ಒಂದಕ್ಷರ ಎರಡು ಕ್ರಿಯೆಗಳ ನಡುವೆ ನುಸುಳಿ ಕೂರುತ್ತದೆ. ಅದಕ್ಕೆ ಸ್ವಂತ ಭಾರವಿಲ್ಲ. ಆದ್ದರಿಂದಲೇ ಅದಕ್ಕೆ ಅಲ್ಲಿ ಎಡೆಯುಂಟು. ಇಂಗ್ಲಿಷಿನ ಸರ್ವನಾಮದ ಗುಟ್ಟೂ ಬಹುಮಟ್ಟಿಗೆ ಈ ಹಗುರತನದಲ್ಲಿಯೇ ಇದೆ.

ಇಂಗ್ಲಿಷ್ ವಾಕ್ಯದಲ್ಲಿ ಕೊನೆಯ ಸ್ಥಾನ ಸಾಮಾನ್ಯವಾಗಿ ಹೊಸ ಸಂಗತಿಗೆ, ಒತ್ತಿ ನುಡಿಯುವ ಪದಕ್ಕೆ ಮೀಸಲು. ‘ಇಟ್’, ‘ಹಿಮ್’, ‘ದೆಮ್’ ಎಂಬವು ಈಗಾಗಲೇ ಹೇಳಿದ ವಸ್ತುವನ್ನೋ ವ್ಯಕ್ತಿಯನ್ನೋ ನೆನಪಿಸುವ ಪದಗಳು. ಅವನ್ನು ಒತ್ತದೆ, ಹಿಂದಿನ ಪದಕ್ಕೆ ಅಂಟಿಸಿ ನುಡಿಯುತ್ತಾರೆ. ‘ಅಪ್’ ಎಂಬುದಕ್ಕಾದರೋ ಒತ್ತು ಉಂಟು. ‘ಪಿಕಿಟಪ್’ ಎಂದು ಗಟ್ಟಿಯಾಗಿ ಹೇಳಿ ನೋಡಿದರೆ ‘ಇಟ್’ ಕರಗಿ ಹೋಗುವುದೂ ‘ಅಪ್’ ಮೇಲೆದ್ದು ನಿಲ್ಲುವುದೂ ಕಿವಿಗೆ ತಿಳಿಯುತ್ತದೆ. ಒತ್ತಿಲ್ಲದ ಪದವನ್ನು ಒತ್ತಿನ ಪೀಠದಲ್ಲಿ ಕೂರಿಸುವುದೇ ‘ಪಿಕ್ ಅಪ್ ಇಟ್’ ಎಂಬುದರ ದೋಷ.

ಇದು ಸರಿಯಾದ ಕಾರಣವೇ ಎಂದು ಪರೀಕ್ಷಿಸಬಹುದು. ಸರ್ವನಾಮಕ್ಕೆ ಭಾರ ಬಂದಾಗ ನಿಯಮ ಸಡಿಲವಾಗಬೇಕಲ್ಲವೇ? ಹಾಗೆಯೇ ಆಗುತ್ತದೆ. ‘ಅವನನ್ನೂ ಅವನ ಹೆಂಡತಿಯನ್ನೂ ಕಾರಿಗೆ ಹತ್ತಿಸಿಕೊ’ ಎನ್ನುವಾಗ ‘ಪಿಕ್ ಅಪ್ ಹಿಮ್ ಅಂಡ್ ಹಿಸ್ ವೈಫ್’ ಎಂದರೆ ಯಾರೂ ಹುಬ್ಬುಗಂಟಿಕ್ಕುವುದಿಲ್ಲ. ಎರಡು ಪದಗಳು ಕೂಡಿ ತೂಕ ಬಂದಿದೆ. ಅದೇ ರೀತಿ ನಾಮಪದ ತೀರ ಉದ್ದವಾದರೆ ನಡುವೆ ಹಿಡಿಸದು. ‘ನಿನ್ನೆ ಮೇಜಿನ ಮೇಲೆ ಬಿಟ್ಟು ಹೋದ ಪುಸ್ತಕ’ ಎಂಬಷ್ಟನ್ನೂ ‘ಪಿಕ್’ ಮತ್ತು ‘ಅಪ್’ಗಳ ನಡುವೆ ತುರುಕಿದರೆ, ‘ಅಪ್’ ಬರುವ ಹೊತ್ತಿಗೆ ಕೇಳುವವನು ‘ಪಿಕ್’ ಅನ್ನು ಮರೆತಿರುತ್ತಾನೆ. ಆದರೂ ಇದನ್ನು ಎಲ್ಲ ನುಡಿಗಳಿಗೂ ಸಲ್ಲುವ ಸೃಷ್ಟಿನಿಯಮವೆಂದು ತಿಳಿಯಬಾರದು. ಇಂಗ್ಲಿಷಿನ ದಾಯಾದಿಗಳಾದ ಡೇನಿಷ್ ಮತ್ತು ಸ್ವೀಡಿಷ್ ಭಾಷೆಗಳಲ್ಲಿ ಮೊದಲನೆಯದು ಸರ್ವನಾಮವನ್ನು ನಡುವೆ ಕೂರಿಸುತ್ತದೆ. ಎರಡನೆಯದು ಅವ್ಯಯದ ಆಚೆಗೆ ಕಳುಹುತ್ತದೆ.

ಇಷ್ಟನ್ನು ಕೇಳಿದ ತರುಣನಿಗೆ ಸಂದೇಹ ಹುಟ್ಟಿತು. “ಹಾಗಾದರೆ ‘ಲುಕ್ ಎಟ್ ಇಟ್’ ಎನ್ನುತ್ತಾರಲ್ಲ ಮಾವ? ಅದು ‘ಲುಕ್ ಇಟ್ ಎಟ್’ ಏಕಾಗಲಿಲ್ಲ?”

ಪ್ರಶ್ನೆ ಸರಿಯಾದದ್ದೇ. ಕ್ರಿಯೆಯ ಹಿಂದೆ ಬರುವ ಪುಟ್ಟ ಪದಗಳಲ್ಲಿ ಎರಡು ಜಾತಿಗಳಿವೆ. ಒಂದು ಕ್ರಿಯೆಗೆ ಸೇರಿದ ಅವ್ಯಯ. ಇನ್ನೊಂದು ಮುಂದಿನ ನಾಮಪದಕ್ಕೆ ಸೇರಿದ ಪ್ರಿಪೊಸಿಷನ್. ಎರಡನೆಯದು ನಮ್ಮ ವಿಭಕ್ತಿ ಪ್ರತ್ಯಯದ ಕೆಲಸವನ್ನು ಮಾಡುತ್ತದೆ. ನಾಮಪದದಿಂದ ‘ಅಲ್ಲಿ’, ‘ಇಂದ’ಗಳನ್ನು ಕಿತ್ತು ದೂರ ಇಡಲಾಗದಂತೆ, ‘ಇಟ್’ನಿಂದ ‘ಎಟ್’ ಅನ್ನು ಕಿತ್ತು ಅದರ ಹಿಂದಕ್ಕೆ ತಳ್ಳಲಾಗದು. ‘ಎಟ್’, ‘ಫಾರ್’, ‘ಫ್ರಮ್’, ‘ಆಫ್ಟರ್’, ‘ಇಂಟು’, ‘ವಿತ್’ ಇವು ಇಂಥ ಕ್ರಿಯೆಗಳ ಜೊತೆಯಲ್ಲಿ ಪ್ರಿಪೊಸಿಷನ್‌ಗಳೇ. ಸರ್ವನಾಮ ಇವುಗಳ ಮುಂದೆ ಬರುತ್ತದೆ. ‘ಅವೇ’, ‘ಬ್ಯಾಕ್’ ಇವು ಅವ್ಯಯಗಳು. ಸರ್ವನಾಮ ಇವುಗಳಿಗಿಂತ ಮೊದಲೇ ಕೂತುಬಿಡುತ್ತದೆ. ತೊಂದರೆ ಕೊಡುವವು ‘ಅಪ್’, ‘ಡೌನ್’, ‘ಆನ್’, ‘ಓವರ್’, ‘ಥ್ರೂ’ ಮೊದಲಾದ ಎರಡು ವೇಷದ ಪದಗಳು.

ವೇಷ ಯಾವುದೆಂದು ತಿಳಿಯಲು ಒಂದು ಉಪಾಯವಿದೆ: ನಾಮಪದವನ್ನು ನಡುವೆ ಸರಿಸಿ, ಅರ್ಥ ಉಳಿಯಿತೇ ಎಂದು ನೋಡುವುದು. ‘ಹಿ ಲುಕ್ಡ್ ಓವರ್ ದ ವಾಲ್’ ಮತ್ತು ‘ಹಿ ಲುಕ್ಡ್ ಓವರ್ ದ ಲೆಟರ್’ ಎಂಬೆರಡು ವಾಕ್ಯಗಳು ಅವಳಿಗಳಂತೆ ಕಾಣುತ್ತವೆ. ಎರಡನೆಯದನ್ನು ‘ಹಿ ಲುಕ್ಡ್ ದ ಲೆಟರ್ ಓವರ್’ ಎಂದು ತಿರುಗಿಸಿದರೆ ಕಾಗದವನ್ನು ಓದಿ ನೋಡಿದನೆಂಬ ಅರ್ಥ ಹಾಗೆಯೇ ಉಳಿಯುತ್ತದೆ. ಮೊದಲನೆಯದನ್ನು ಹಾಗೆ ತಿರುಗಿಸಿದರೆ, ಗೋಡೆಯ ಆಚೆ ಇಣುಕಿದವನು ಗೋಡೆಯನ್ನೇ ಪರೀಕ್ಷಿಸುವ ಮೇಸ್ತ್ರಿಯಾಗಿಬಿಡುತ್ತಾನೆ. ಆದ್ದರಿಂದ ಗೋಡೆಗೆ ‘ಓವರ್ ಇಟ್’, ಕಾಗದಕ್ಕೆ ‘ಇಟ್ ಓವರ್’.

ಈಗ ಮುಖ್ಯೋಪಾಧ್ಯಾಯರ ಕಾಗದಕ್ಕೆ ಮರಳಬಹುದು. ‘ಯೂ ಸಾ ಥ್ರೂ ಮಿ’ ಎಂಬಲ್ಲಿ ‘ಥ್ರೂ’ ಪ್ರಿಪೊಸಿಷನ್. ಗಾಜಿನೊಳಗಿಂದ ಕಾಣುವಂತೆ ಮನುಷ್ಯನೊಳಗಿಂದ ದೃಷ್ಟಿ ಹಾಯ್ದು, ಅವನು ಮುಚ್ಚಿಟ್ಟದ್ದು ಬಯಲಾಯಿತು. ‘ಯೂ ಸಾ ಮಿ ಥ್ರೂ’ ಎಂಬಲ್ಲಿ ‘ಥ್ರೂ’ ಅವ್ಯಯ. ‘ಕೊನೆಯವರೆಗೆ’ ಎಂದು ಅದರ ಅರ್ಥ. ಈ ನುಡಿಗಟ್ಟು ಇನ್ನೂ ಒಂದು ಹೆಜ್ಜೆ ಬಿಗಿಯಾದದ್ದು. ಇಲ್ಲಿ ಸರ್ವನಾಮ ಮಾತ್ರವಲ್ಲ, ನಾಮಪದವೂ ನಡುವೆಯೇ ಕೂರಬೇಕು. ಆಚೆಗೆ ಹೋದರೆ ಉಪಕಾರ ಹೋಗಿ ಕಪಟ ಬರುತ್ತದೆ. ಇಂಥ ವಿಶೇಷಗಳನ್ನು ಕಲಿಯುವವರಿಗಾಗಿ ಸಿದ್ಧಪಡಿಸಿದ ಒಳ್ಳೆಯ ನಿಘಂಟುಗಳು ಕರ್ಮಪದದ ಜಾಗವನ್ನು ತೋರಿಸಿಯೇ ಅಚ್ಚು ಮಾಡುತ್ತವೆ. ಎರಡೂ ಕಡೆ ಸಲ್ಲುವುದಾದರೆ ಹಲವು ನಿಘಂಟುಗಳಲ್ಲಿ ಎರಡು ಮೊನೆಯ ಬಾಣದ ಗುರುತಿರುತ್ತದೆ.

ತರುಣನು ಉತ್ಸಾಹದಿಂದ ಲೇಖನಿ ಹಿಡಿದು ಸಾಲನ್ನು ತಿದ್ದಿದನು. ಅಷ್ಟಕ್ಕೇ ನಿಲ್ಲದೆ, ಕೆಳಗೆ ಸರಿಯಾಗಿಯೇ ಇದ್ದ ‘ಯೂ ಪುಟ್ ಅಪ್ ವಿತ್ ಮಿ’ ಎಂಬುದನ್ನೂ ‘ಯೂ ಪುಟ್ ಮಿ ಅಪ್’ ಎಂದು ತಿದ್ದಹೊರಟನು.

“ತಾಳು, ತಾಳು” ಎಂದು ಮಾವನು ಕೈ ಹಿಡಿದರು. “ಅಲ್ಲಿ ‘ವಿತ್’ ಇದೆಯಲ್ಲೋ! ಅದು ನಿನ್ನ ‘ಮಿ’ಯನ್ನು ಬಿಟ್ಟಿರುವುದಿಲ್ಲ. ‘ಪುಟ್ ಅಪ್ ವಿತ್ ಮಿ’ ಎಂದರೆ ನನ್ನ ತಂಟೆಯನ್ನೆಲ್ಲ ಸಹಿಸಿಕೊಂಡಿರಿ ಎಂದು. ‘ಪುಟ್ ಮಿ ಅಪ್’ ಎಂದರೆ ಮನೆಯಲ್ಲಿ ತಂಗಲು ಜಾಗ ಕೊಟ್ಟಿರಿ ಎಂದು. ನೀನು ಅವರ ಮನೆಯಲ್ಲಿ ಒಂದು ರಾತ್ರಿಯಾದರೂ ಮಲಗಿದ್ದೆಯಾ?”

“ಇಲ್ಲ ಮಾವ. ತಂಟೆ ಮಾತ್ರ ಸಾಕಷ್ಟು ಮಾಡಿದ್ದೆ.”

“ಹಾಗಾದರೆ ಬರೆದದ್ದೇ ಸತ್ಯ. ಇದ್ದ ಹಾಗೆಯೇ ಇರಲಿ.”

ಆ ಸಂಜೆ ಕಾಗದ ಅಂಚೆಪೆಟ್ಟಿಗೆ ಸೇರಿತು. ಅದರ ಎರಡನೆಯ ಸಾಲಿನಲ್ಲಿ ‘ಮಿ’ ಎಂಬ ಪುಟ್ಟ ಪದ, ಮೂರು ವರ್ಷ ಗುರುಗಳ ಆಸರೆಯಲ್ಲಿದ್ದ ಹುಡುಗನಂತೆಯೇ, ‘ಸಾ’ ಮತ್ತು ‘ಥ್ರೂ’ಗಳ ನಡುವೆ ನೆಮ್ಮದಿಯಾಗಿ ಕುಳಿತಿತ್ತು.