ದತ್ತು ಕೇಳುವ ಮೊದಲು ಗಂಡ ಹೆಂಡತಿಯ ವಯಸ್ಸು ಕೂಡಿಸಿ ನೋಡಿ

ಮಗು ದತ್ತು ತೆಗೆದುಕೊಳ್ಳಬೇಕು ಎಂದರೆ ನಮ್ಮ ಕಡೆ ಜನ ಮೊದಲು ಯೋಚಿಸುವುದು ತೋಟದ ಬಗ್ಗೆ. ಎಷ್ಟು ಏಕರೆ ಇದೆ, ಮನೆ ಯಾರ ಹೆಸರಲ್ಲಿದೆ, ನೆಂಟರು ಏನಂತಾರೆ, ಇವೇ ಮಾತು. ಸರ್ಕಾರದ ನಿಯಮ ಮಾತ್ರ ಮೊದಲಿಗೇ ಇನ್ನೊಂದು ಲೆಕ್ಕ ಕೇಳುತ್ತದೆ. ಗಂಡನ ವಯಸ್ಸು ಎಷ್ಟು, ಹೆಂಡತಿಯ ವಯಸ್ಸು ಎಷ್ಟು, ಎರಡೂ ಕೂಡಿಸಿದರೆ ಎಷ್ಟು? ಆ ಮೊತ್ತದ ಮೇಲೆಯೇ ನಿಮಗೆ ಯಾವ ವಯಸ್ಸಿನ ಮಗು ಸಿಗಬಹುದು ಎಂದು ತೀರ್ಮಾನವಾಗುತ್ತದೆ.

ಈ ಲೆಕ್ಕ ನಾಪೋಕ್ಲು ಸುತ್ತಿನ ಹಳ್ಳಿಗಳಲ್ಲಿ ತುಂಬಾ ಜನರಿಗೆ ಗೊತ್ತಿಲ್ಲ. ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕೇ ಬರೆಯುತ್ತಿದ್ದೇವೆ. ಈ ನಿಯಮದಲ್ಲಿ ಸರಿ ಇರುವುದೂ ಇದೆ, ತಿದ್ದಬೇಕಾದ್ದೂ ಇದೆ ಎಂಬುದು ನಮ್ಮ ಅಭಿಪ್ರಾಯ.

ನಿಯಮ ಏನು ಹೇಳುತ್ತದೆ

ದೇಶದಲ್ಲಿ ದತ್ತು ಕೆಲಸ ನೋಡಿಕೊಳ್ಳುವುದು ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ. ಜನ ಇದನ್ನು ‘ಕಾರಾ’ ಎನ್ನುತ್ತಾರೆ. ಬಾಲನ್ಯಾಯ ಕಾಯ್ದೆಯ ಕೆಳಗೆ 2022ರ ಸೆಪ್ಟೆಂಬರ್‌ನಲ್ಲಿ ಬಂದ ದತ್ತು ನಿಯಮಾವಳಿಯೇ ಈಗ ಚಾಲ್ತಿಯಲ್ಲಿದೆ. ಅದರಲ್ಲಿ ವಯಸ್ಸಿನ ಲೆಕ್ಕ ಹೀಗಿದೆ:

- ಮಗು 2 ವರ್ಷದೊಳಗೆ ಇರಬೇಕಾದರೆ: ದಂಪತಿಯ ಒಟ್ಟು ವಯಸ್ಸು 85 ಮೀರಬಾರದು, ಒಂಟಿಯಾಗಿದ್ದರೆ 40
- 2ರಿಂದ 4 ವರ್ಷದ ಮಗು: ದಂಪತಿಗೆ 90, ಒಂಟಿಗೆ 45
- 4ರಿಂದ 8 ವರ್ಷದ ಮಗು: ದಂಪತಿಗೆ 100, ಒಂಟಿಗೆ 50
- 8ರಿಂದ 18 ವರ್ಷದ ಮಗು: ದಂಪತಿಗೆ 110, ಒಂಟಿಗೆ 55

ಇದು ಮೇಲಿನ ಮಿತಿ. ಕೆಳಗಿನ ಮಿತಿಯೂ ಒಂದಿದೆ. ಮಗುವಿಗೂ ಅಪ್ಪ ಅಮ್ಮ ಇಬ್ಬರಲ್ಲಿ ಯಾರೊಬ್ಬರಿಗೂ ಕನಿಷ್ಠ 25 ವರ್ಷದ ಅಂತರ ಇರಲೇಬೇಕು. ಹೆಂಡತಿಗೆ 29 ಆಗಿದ್ದರೆ 4 ವರ್ಷಕ್ಕಿಂತ ದೊಡ್ಡ ಮಗು ಸಿಗುವುದಿಲ್ಲ. ಗಂಡನ ವಯಸ್ಸು ಎಷ್ಟೇ ಇದ್ದರೂ ಅದು ಬದಲಾಗುವುದಿಲ್ಲ.

ಇಲ್ಲಿ ಒಂದು ಒಳ್ಳೆಯ ಅಂಶ ಇದೆ. ಲೆಕ್ಕಕ್ಕೆ ಹಿಡಿಯುವುದು ನೀವು ಹೆಸರು ನೋಂದಾಯಿಸಿದ ದಿನದ ವಯಸ್ಸನ್ನು, ಮಗು ಕೈಗೆ ಬರುವ ದಿನದ್ದನ್ನಲ್ಲ. ಸರದಿ ಬರಲು ಈಗ ಮೂರು ವರ್ಷಕ್ಕೂ ಹೆಚ್ಚು ಕಾಯಬೇಕು, ಹಾಗಾಗಿ ಇದು ದೊಡ್ಡ ಅನುಕೂಲ. ಆದರೆ ಒಟ್ಟು ವಯಸ್ಸು 110 ದಾಟಿದವರಿಗೆ ಹಳೆಯ ಸರದಿ ಉಳಿಯುವುದಿಲ್ಲ.

ಒಂದು ಮನೆಯ ಲೆಕ್ಕ

ಬೇತು, ಬಲ್ಲಮಾವಟಿ ಕಡೆಯ ಒಂದು ಮನೆ ಎಂದುಕೊಳ್ಳೋಣ. ಗಂಡನಿಗೆ 45, ಹೆಂಡತಿಗೆ 39, ಒಟ್ಟು 84. ಮದುವೆಯಾಗಿ ಹತ್ತು ವರ್ಷ, ಮಕ್ಕಳಿಲ್ಲ. ಮೈಸೂರಿಗೂ ಮಂಗಳೂರಿಗೂ ಆಸ್ಪತ್ರೆಗೆ ಓಡಾಡಿ ಆಗಿದೆ. ಈಗ ದತ್ತು ತೆಗೆದುಕೊಳ್ಳುವ ಯೋಚನೆ ಬಂದಿದೆ, ಎಳೆ ಕೂಸೇ ಬೇಕು ಎಂಬ ಆಸೆ. ಇವತ್ತು ನೋಂದಾಯಿಸಿದರೆ 85ರೊಳಗೆ ಇದ್ದಾರೆ, ದಾರಿ ತೆರೆದಿದೆ.

ಆದರೆ ಮನೆಯಲ್ಲಿ ಮಾತು ಹೇಗೆ ನಡೆಯುತ್ತದೆ? ಈ ಸಲದ ಕಾಫಿ ಕೊಯ್ಲು ಮುಗಿಯಲಿ. ಮನೆ ರಿಪೇರಿ ಆಗಲಿ. ಇನ್ನೊಂದು ಸಲ ಡಾಕ್ಟರ್ ಹತ್ತಿರ ಹೋಗಿ ನೋಡೋಣ. ಹೀಗೆ ಒಂದು ವರ್ಷ ಹೋಗುತ್ತದೆ. ಜನ ಮರೆಯುವುದು ಇಲ್ಲೇ. ಒಂದು ವರ್ಷ ಕಳೆದರೆ ಒಟ್ಟು ವಯಸ್ಸು ಎರಡು ವರ್ಷ ಏರುತ್ತದೆ, ಏಕೆಂದರೆ ಇಬ್ಬರಿಗೂ ಒಂದೊಂದು ವರ್ಷ ಕೂಡುತ್ತದೆ. 84 ಇದ್ದದ್ದು 86 ಆಯಿತು. ಎರಡು ವರ್ಷದೊಳಗಿನ ಮಗುವಿನ ಬಾಗಿಲು ಮುಚ್ಚಿತು. ಇನ್ನೆರಡು ವರ್ಷ ಕಳೆದರೆ 90. ಅದರ ಮುಂದಿನ ವರ್ಷ 92, ಆಗ ನಾಲ್ಕು ವರ್ಷಕ್ಕಿಂತ ದೊಡ್ಡ ಮಗುವನ್ನೇ ಕೇಳಬೇಕು. ನಾಲ್ಕು ವರ್ಷದ ಹಿಂದುಮುಂದು ನೋಡುವಿಕೆಯಲ್ಲಿ ತೊಟ್ಟಿಲ ಮಗುವಿನ ಆಸೆ ಅಂಗನವಾಡಿ ದಾಟಿದ ಮಗುವಿಗೆ ಬಂದು ನಿಂತಿತು.

ಹಿಂದಿನ 2017ರ ನಿಯಮದಲ್ಲಿ ನಾಲ್ಕು ವರ್ಷದವರೆಗಿನ ಮಕ್ಕಳೆಲ್ಲ ಒಂದೇ ಗುಂಪು, ಒಟ್ಟು ವಯಸ್ಸು 90ರವರೆಗೆ ಅವಕಾಶ ಇತ್ತು. 86 ಆದವರೂ ಕೂಸನ್ನು ಕೇಳಬಹುದಿತ್ತು. 2022ರಲ್ಲಿ ಅದನ್ನು ಎರಡು ಭಾಗ ಮಾಡಿ ಎಳೆ ಮಕ್ಕಳಿಗೆ 85 ಎಂದು ಬಿಗಿ ಮಾಡಿದರು. ಹಳೆಯ ಲೆಕ್ಕ ಕೇಳಿಕೊಂಡವರು ಇನ್ನೂ 90 ಎಂದೇ ನಂಬಿ ಕೂತಿರಬಹುದು.

ಮಿತಿ ಏಕೆ ಬೇಕು

ಮಿತಿಯೇ ಬೇಡ ಎಂದು ನಾವು ಹೇಳುವುದಿಲ್ಲ. ಅದೇ 45 ಮತ್ತು 39ರ ಜೋಡಿಯನ್ನೇ ನೋಡಿ. ನೋಂದಾಯಿಸಿ ಮೂರೂವರೆ ವರ್ಷ ಕಾದರು, ಒಂದು ವರ್ಷದ ಮಗು ಬಂತು ಎನ್ನೋಣ. ಆ ಮಗುವಿಗೆ 18 ತುಂಬುವಾಗ ಅಪ್ಪನಿಗೆ 65 ದಾಟಿರುತ್ತದೆ, ಅಮ್ಮನಿಗೆ 60ರ ಹತ್ತಿರ. ಮಗು ಪಿಯುಸಿ ಮುಗಿಸಿ ಕಾಲೇಜಿಗೆ ಸೇರುವ ಹೊತ್ತು ಅದು. ಒಂದು ಸಲ ಹೆತ್ತವರನ್ನು ಕಳೆದುಕೊಂಡ ಮಗು ಇನ್ನೊಂದು ಸಲ ಬೇಗ ಕಳೆದುಕೊಳ್ಳಬಾರದು. ದತ್ತು ನಿಯಮ ಮಕ್ಕಳಿಗೆ ಅಪ್ಪ ಅಮ್ಮನನ್ನು ಹುಡುಕುವುದಕ್ಕೆ ಇರುವಂಥದ್ದು, ದೊಡ್ಡವರಿಗೆ ವಾರಸುದಾರರನ್ನು ಹುಡುಕುವುದಕ್ಕಲ್ಲ. ಇದನ್ನು ನಾವು ಒಪ್ಪುತ್ತೇವೆ.

ನಮ್ಮ ತಕರಾರು ಇರುವುದು ಲೆಕ್ಕ ಹಾಕುವ ರೀತಿಯ ಬಗ್ಗೆ.

ಕೂಡಿಸುವ ಲೆಕ್ಕದ ತೊಂದರೆ

ಗಂಡನಿಗೆ 52, ಹೆಂಡತಿಗೆ 33 ಇರುವ ಜೋಡಿ ತೆಗೆದುಕೊಳ್ಳಿ. ಒಟ್ಟು 85. ಇವರು ಎಳೆ ಕೂಸನ್ನು ಕೇಳಬಹುದು. ಇನ್ನೊಂದು ಜೋಡಿಯಲ್ಲಿ ಗಂಡನಿಗೆ 44, ಹೆಂಡತಿಗೆ 42, ಒಟ್ಟು 86. ಇವರು ಕೇಳುವಂತಿಲ್ಲ. ಮಗುವಿಗೆ 18 ಆಗುವಾಗ ಮೊದಲ ಮನೆಯ ಅಪ್ಪನಿಗೆ 72 ಆಗಿರುತ್ತದೆ. ಎರಡನೆಯ ಮನೆಯಲ್ಲಿ ಇಬ್ಬರೂ 65ರೊಳಗೆ ಇರುತ್ತಾರೆ. ಮನೆಯಲ್ಲಿ ಒಬ್ಬರಾದರೂ ಗಟ್ಟಿಮುಟ್ಟಾಗಿದ್ದರೆ ಸಾಕು ಎಂಬ ವಾದ ಇದೆ, ಅದರಲ್ಲಿ ತಿರುಳೂ ಇದೆ. ಆದರೂ ಸರಿಸುಮಾರು ಒಂದೇ ವಯಸ್ಸಿನ ಗಂಡ ಹೆಂಡತಿಗೆ ಒಂದೇ ವರ್ಷದ ವ್ಯತ್ಯಾಸಕ್ಕೆ ಬಾಗಿಲು ಹಾಕಿ, ಹತ್ತೊಂಬತ್ತು ವರ್ಷ ಅಂತರದ ಜೋಡಿಗೆ ತೆರೆಯುವುದು ಮಗುವಿನ ಹಿತದ ಲೆಕ್ಕ ಎನಿಸುವುದಿಲ್ಲ. ಹಿರಿಯರಿಗೂ ಮಗುವಿಗೂ ಇಷ್ಟಕ್ಕಿಂತ ಹೆಚ್ಚು ಅಂತರ ಇರಬಾರದು ಎಂದು ನೇರವಾಗಿ ಬರೆಯಲಿ. ಕೆಳಗಿನ 25 ವರ್ಷದ ಅಂತರವನ್ನು ಹಾಗೆಯೇ ಬರೆದಿದ್ದಾರಲ್ಲ.

ಒಂಟಿ ಹೆಣ್ಣುಮಕ್ಕಳ ವಿಷಯಕ್ಕೆ ಬನ್ನಿ. ದಂಪತಿಯ ಮೊತ್ತವನ್ನು ಎರಡರಿಂದ ಭಾಗಿಸಿದರೆ 90ಕ್ಕೆ 45, 100ಕ್ಕೆ 50, 110ಕ್ಕೆ 55. ಒಂಟಿಯವರ ಮಿತಿಯೂ ಅಷ್ಟೇ ಇದೆ. ಆದರೆ 85ನ್ನು ಭಾಗಿಸಿದರೆ ನಲವತ್ತೆರಡೂವರೆ ಬರುತ್ತದೆ, ಒಂಟಿಯವರಿಗೆ ಕೊಟ್ಟಿರುವುದು 40. ಎಳೆ ಮಗುವಿನ ಗುಂಪಿನಲ್ಲಿ ಮಾತ್ರ ಒಂಟಿಯವರಿಗೆ ಎರಡೂವರೆ ವರ್ಷ ಕಡಿಮೆ. ಗಂಡ ತೀರಿಕೊಂಡ 41 ವರ್ಷದ ಟೀಚರ್ ಒಬ್ಬರು ಕೂಸನ್ನು ಕೇಳುವಂತಿಲ್ಲ, ಅದೇ ವಯಸ್ಸಿನ ಗೃಹಿಣಿ 44 ವರ್ಷದ ಗಂಡನ ಜೊತೆ ಕೇಳಬಹುದು. ಉಳಿದ ಮೂರು ಗುಂಪಿನಂತೆ ಇದನ್ನೂ ಸರಿ ಮಾಡಬೇಕು.

ಒಂದೇ ಊರಿಗೆ ಎರಡು ಕಾನೂನು

ನಾಪೋಕ್ಲಿನಲ್ಲಿ ಕೊಡವರು, ಗೌಡರು, ಮುಸ್ಲಿಮರು, ಕ್ರೈಸ್ತರು ಒಂದೇ ಬೀದಿಯಲ್ಲಿ ಅಂಗಡಿ ಇಟ್ಟುಕೊಂಡಿದ್ದಾರೆ. ದತ್ತು ವಿಷಯದಲ್ಲಿ ಎಲ್ಲರಿಗೂ ಒಂದೇ ಲೆಕ್ಕ ಇಲ್ಲ.

ಹಿಂದೂಗಳಿಗೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಎಂಬ ಇನ್ನೊಂದು ದಾರಿ ಇದೆ. ಮಗುವಿನ ಹೆತ್ತವರು ಒಪ್ಪಿ ಕೊಟ್ಟರೆ ದತ್ತು ಪತ್ರ ಮಾಡಿ ನೋಂದಾಯಿಸಬಹುದು. ಅಲ್ಲಿ ಮೇಲಿನ ವಯಸ್ಸಿಗೆ ಮಿತಿಯೇ ಇಲ್ಲ. ಕೆಳಗಿನ ಅಂತರ 21 ವರ್ಷ. ಅದೂ ಗಂಡಸು ಹೆಣ್ಣುಮಗುವನ್ನು ಅಥವಾ ಹೆಂಗಸು ಗಂಡುಮಗುವನ್ನು ದತ್ತು ತೆಗೆದುಕೊಂಡಾಗ ಮಾತ್ರ. ಮುಸ್ಲಿಮರಿಗೂ ಕ್ರೈಸ್ತರಿಗೂ ಈ ದಾರಿ ಇಲ್ಲ. ಮುಸ್ಲಿಮರೂ ಬಾಲನ್ಯಾಯ ಕಾಯ್ದೆಯ ಕೆಳಗೆ ದತ್ತು ತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಶಬನಂ ಹಶ್ಮಿ ಪ್ರಕರಣದಲ್ಲಿ ಹೇಳಿತು. ಆದರೆ ಆ ದಾರಿಯಲ್ಲಿ 85, 90ರ ಲೆಕ್ಕ ಬರುತ್ತದೆ.

ಬಾಲನ್ಯಾಯ ಕಾಯ್ದೆಯಲ್ಲೂ ಒಂದು ವಿನಾಯಿತಿ ಇದೆ. ಸಂಬಂಧಿಕರ ಮಗುವನ್ನು ದತ್ತು ತೆಗೆದುಕೊಂಡರೆ ವಯಸ್ಸಿನ ಮಿತಿ ಅನ್ವಯಿಸುವುದಿಲ್ಲ. ಆದರೆ ‘ಸಂಬಂಧಿ’ ಎಂದರೆ ಯಾರು? ಮಗುವಿನ ದೊಡ್ಡಪ್ಪ, ಚಿಕ್ಕಪ್ಪ, ಸೋದರತ್ತೆ, ಸೋದರಮಾವ, ದೊಡ್ಡಮ್ಮ, ಚಿಕ್ಕಮ್ಮ, ಅಜ್ಜ, ಅಜ್ಜಿ. ಅಷ್ಟೇ. ಅಪ್ಪನ ಚಿಕ್ಕಪ್ಪನ ಮಗ ನಮ್ಮಲ್ಲಿ ಚಿಕ್ಕಪ್ಪನೇ, ಒಂದೇ ಐನ್‌ಮನೆಯವನು. ಕಾನೂನಿನ ಕಣ್ಣಲ್ಲಿ ಅವನು ಹೊರಗಿನವನು. ಅಪಘಾತದಲ್ಲಿ ಅಪ್ಪ ಅಮ್ಮ ತೀರಿಕೊಂಡ ಮಗುವನ್ನು ಅಂಥವನು ಸಾಕಿಕೊಂಡಿದ್ದರೂ ಈ ವಿನಾಯಿತಿ ಸಿಗುವುದಿಲ್ಲ. ಈ ಪಟ್ಟಿಯನ್ನು ದೊಡ್ಡದು ಮಾಡಬೇಕು ಎಂಬುದು ನಮ್ಮ ಮುಖ್ಯ ಒತ್ತಾಯ. ಮಗುವಿಗೆ ಗೊತ್ತಿರುವ ಮನೆ ಇರುವಾಗ ಅದನ್ನು ಬಿಟ್ಟು ಗೊತ್ತಿಲ್ಲದ ಮನೆ ಹುಡುಕುವುದು ಮಗುವಿಗೆ ಒಳ್ಳೆಯದಲ್ಲ.

ಸದ್ಯಕ್ಕೆ ಏನು ಮಾಡಬೇಕು

ನಿಯಮ ಬದಲಾಗುವವರೆಗೆ ಇರುವ ನಿಯಮದಲ್ಲೇ ನಡೆಯಬೇಕು. ಇಬ್ಬರ ವಯಸ್ಸು ಕೂಡಿಸಿ 83, 84 ಬಂದರೆ ಮುಂದಿನ ಹುಟ್ಟಿದ ದಿನದ ಒಳಗೆ cara.wcd.gov.in ನಲ್ಲಿ ನೋಂದಾಯಿಸಿ. ನೋಂದಾಯಿಸಿದ ಮಾತ್ರಕ್ಕೆ ಮಗುವನ್ನು ತೆಗೆದುಕೊಳ್ಳಲೇಬೇಕು ಎಂದೇನಿಲ್ಲ, ಯೋಚಿಸಲು ಸಮಯ ಇರುತ್ತದೆ. ಫೋನಿನಲ್ಲಿ ಆಗದಿದ್ದರೆ ಮಡಿಕೇರಿಯಲ್ಲಿರುವ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಕೇಳಿ. ಕೊನೆಗೆ ದತ್ತು ಆದೇಶಕ್ಕೆ ಸಹಿ ಹಾಕುವವರೂ ಜಿಲ್ಲಾಧಿಕಾರಿಯೇ. ಕಾಯ್ದೆ ತಿದ್ದುಪಡಿ 2022ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಮೇಲೆ ಇದಕ್ಕೆ ಕೋರ್ಟಿಗೆ ಹೋಗಬೇಕಾಗಿಲ್ಲ.

ಅದಕ್ಕೂ ಮೊದಲು ನಿಮ್ಮ ಹುಟ್ಟಿದ ದಿನಾಂಕದ ಕಾಗದ ನೋಡಿಕೊಳ್ಳಿ. ಶಾಲೆಗೆ ಸೇರಿಸುವಾಗ ಅಂದಾಜಿಗೆ ಜೂನ್ 1 ಎಂದು ಬರೆಸಿದವರು ನಮ್ಮಲ್ಲಿ ಬಹಳ ಜನ. ಆಧಾರ್‌ನಲ್ಲಿ ಒಂದು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು, ಪ್ಯಾನ್ ಕಾರ್ಡಿನಲ್ಲಿ ಮತ್ತೊಂದು ಇದ್ದರೆ ಒಟ್ಟು ವಯಸ್ಸಿನ ಲೆಕ್ಕವೇ ಏರುಪೇರಾಗುತ್ತದೆ. ಸರಿಯಾದ ದಾಖಲೆ ಇಟ್ಟು ಉಳಿದದ್ದನ್ನು ಮೊದಲೇ ತಿದ್ದಿಸಿ.

ಇನ್ನು, ವಯಸ್ಸು ದಾಟಿತು ಎಂದು ಗೊತ್ತಾದಾಗ ಕಿವಿಯಲ್ಲಿ ಒಂದು ಮಾತು ಹೇಳುವವರು ಬರುತ್ತಾರೆ. ಇಂಥ ಆಸ್ಪತ್ರೆಯಲ್ಲಿ ಬೇಡದ ಮಗು ಇದೆ, ಇಷ್ಟು ಕೊಟ್ಟರೆ ಆಯಿತು ಎಂದು. ಆ ದಾರಿಗೆ ಹೋಗಬೇಡಿ. ಅನಾಥ ಅಥವಾ ಬಿಟ್ಟುಹೋದ ಮಗುವನ್ನು ನಿಯಮ ಬಿಟ್ಟು ತಂದಿಟ್ಟುಕೊಂಡರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ದಂಡ, ಇಲ್ಲವೇ ಎರಡೂ. ದುಡ್ಡು ಕೊಟ್ಟು ತಂದರೆ ಐದು ವರ್ಷದವರೆಗೆ. ಎಲ್ಲಕ್ಕಿಂತ ಕಷ್ಟ ಏನೆಂದರೆ, ಅಪ್ಪ ಅಮ್ಮ ಎಂದು ಕರೆಯಲು ಕಲಿತ ಮಗುವನ್ನು ಅಧಿಕಾರಿಗಳು ಬಂದು ಕರೆದುಕೊಂಡು ಹೋಗುತ್ತಾರೆ. ಬೇಡವಾದ ಮಗುವಿನ ಸುದ್ದಿ ಕಿವಿಗೆ ಬಿದ್ದರೆ 1098ಕ್ಕೆ ಫೋನ್ ಮಾಡಿ. ಆ ಮಗುವಿಗೂ ಎಲ್ಲೋ ಒಂದು ಜೋಡಿ ಸರದಿಯಲ್ಲಿ ಕಾಯುತ್ತಿರುತ್ತದೆ.